ಹಾರ್ನ್ ಹೊಡೆದರೆ ಸಿಗ್ನಲ್ ಬಿಡುತ್ತದೆಯೇ?

ಸಿಲ್ಕ್ ಬೋರ್ಡ್ ಜಾಮಿನಲ್ಲಿ ಹಾರ್ನ್ ಏಕೆ ನಿಲ್ಲುವುದಿಲ್ಲ? ನಮ್ಮ ಬಡಾವಣೆಯ ಸಭೆಯಲ್ಲಿ ನಿವೃತ್ತ ಮನಶ್ಶಾಸ್ತ್ರದ ಮೇಷ್ಟ್ರು ಪಾರಿವಾಳಗಳಿಂದ ಮಾತು ಶುರುಮಾಡಿದರು. ಹಸಿದ ಪಾರಿವಾಳಗಳು ಏನೇ ಮಾಡಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಸಿಗುವಂತೆ ಅಮೆರಿಕದ ಬಿ.ಎಫ್. ಸ್ಕಿನ್ನರ್ ಏರ್ಪಾಟು ಮಾಡಿದ್ದರು. 1948ರಲ್ಲಿ ಅದರ ವರದಿ ಬಂತು. ಕಾಳು ಬಂದಾಗ ಸುತ್ತು ಹಾಕುತ್ತಿದ್ದ ಹಕ್ಕಿ ಆಮೇಲೆ ಸುತ್ತುತ್ತಲೇ ಇತ್ತು.

“ಹಾರ್ನೂ ಹಾಗೆಯೇ. ಹಸಿರು ದೀಪ ಹೇಗೂ ಬರುತ್ತದೆ. ಮುಂದಿನ ಗಾಡಿ ಒಂದಡಿ ಸರಿದರೂ ನಮ್ಮ ಹಾರ್ನಿಗೇ ಸರಿಯಿತು ಅನ್ನಿಸುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವ ಇಂಥ ಫಲವೇ ಚಟವನ್ನು ಗಟ್ಟಿಮಾಡುತ್ತದೆ” ಎಂದರು. ಬರೀ ಬೋರ್ಡು ನೆಟ್ಟರೆ ಇದು ಹೋಗದು.

ಮುಂಬೈ ಪೊಲೀಸರು 2020ರಲ್ಲಿ ತೋರಿಸಿದ ಸಿಗ್ನಲ್ಲಿನಲ್ಲಿ ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹೊಡೆದಷ್ಟೂ ಕಾಯಬೇಕು.