ಟ್ಯಾಲಿಯಲ್ಲಿ ಕಂಪನಿಯೇ ಕಾಣದಾದಾಗ

ಕಂಪ್ಯೂಟರ್ ಕೆಟ್ಟು ಟ್ಯಾಲಿಯ ಲೆಕ್ಕವೆಲ್ಲ ಹೋಯಿತು ಎಂದು ಅಂಗಡಿಯವರು ತಲೆಯ ಮೇಲೆ ಕೈ ಹೊತ್ತು ಕೂತಾಗ, ಅನೇಕ ಸಲ ಲೆಕ್ಕ ಇನ್ನೂ ಡಿಸ್ಕ್‌ನಲ್ಲೇ ಇರುತ್ತದೆ. ನಿಜವಾಗಿ ಹೋಗುವುದು ಆಮೇಲಿನ ಗಡಿಬಿಡಿಯಲ್ಲಿ. ನಾಳೆ ಬೆಳಿಗ್ಗೆ ಬಿಲ್ ಹಾಕಬೇಕು, ಹೇಗಾದರೂ ಕಂಪ್ಯೂಟರ್ ಎಬ್ಬಿಸಿ ಕೊಡು ಎಂದು ರಿಪೇರಿಯವನಿಗೆ ದುಂಬಾಲು ಬೀಳುತ್ತೇವೆ. ಅವನು ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಡುತ್ತಾನೆ. ಕಂಪ್ಯೂಟರ್ ಏಳುತ್ತದೆ, ವರ್ಷದ ಲೆಕ್ಕ ಏಳುವುದಿಲ್ಲ.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಮುಂದೆ ಹೋಗೋಣ. ದಾವಣಗೆರೆಯಲ್ಲೊಂದು ಹಾರ್ಡ್‌ವೇರ್ ಅಂಗಡಿ, ಟ್ಯಾಲಿ ಪ್ರೈಮ್‌ನಲ್ಲಿ ಲೆಕ್ಕ. ನವೆಂಬರ್ 18ರ ಸಂಜೆ ಬಿಲ್ ಸೇವ್ ಆಗುತ್ತಿರುವಾಗಲೇ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಕರೆಂಟು ಬಂದ ಮೇಲೆ ವಿಂಡೋಸ್ ಏಳಲಿಲ್ಲ. ರಿಪೇರಿ ಹುಡುಗ ರಾತ್ರಿಯೇ ಬಂದು ವಿಂಡೋಸ್ ಹೊಸದಾಗಿ ಹಾಕಿದ, ಟ್ಯಾಲಿಯನ್ನೂ ಹಾಕಿದ. ತೆರೆದರೆ ಕಂಪನಿಗಳ ಪಟ್ಟಿ ಖಾಲಿ. "ಅಣ್ಣಾ, ಡೇಟಾ ಹೋಗಿದೆ" ಅಂದ.

ಹೋಗಿದೆಯೋ ಇಲ್ಲವೋ ತಿಳಿಯಬೇಕಾದರೆ ಟ್ಯಾಲಿ ಲೆಕ್ಕವನ್ನು ಎಲ್ಲಿಡುತ್ತದೆ ಎಂಬುದು ಗೊತ್ತಿರಬೇಕು. ಟ್ಯಾಲಿ ಎಂಬ ಪ್ರೋಗ್ರಾಂ ಬೇರೆ, ನಮ್ಮ ಲೆಕ್ಕದ ಫೈಲುಗಳು ಬೇರೆ. ನಾವಾಗಿ ಬದಲಾಯಿಸದಿದ್ದರೆ ಟ್ಯಾಲಿ ಪ್ರೈಮ್ ಲೆಕ್ಕವನ್ನು ಸಾಮಾನ್ಯವಾಗಿ C:\Users\Public\TallyPrime\data ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ. ಅದರೊಳಗೆ ಒಂದೊಂದು ಕಂಪನಿಗೂ ಅಂಕಿಗಳ ಹೆಸರಿನ ಒಂದೊಂದು ಫೋಲ್ಡರ್: 10000, 10001, ಹೀಗೆ. ಆ ಫೋಲ್ಡರ್‌ನಲ್ಲಿ Company.1800, Manager.1800, TranMgr.1800 ಮುಂತಾದ ಫೈಲುಗಳಿರುತ್ತವೆ. ಹಳೆಯ ಟ್ಯಾಲಿ ಇಆರ್‌ಪಿ 9 ಆದರೆ ಹೆಸರಿನ ಕೊನೆಯಲ್ಲಿ 1800 ಬದಲು 900 ಇರುತ್ತದೆ. ಅಂಗಡಿಯ ಇಡೀ ವ್ಯವಹಾರ ಈ ಒಂದು ಫೋಲ್ಡರ್‌ನಲ್ಲಿದೆ. ಇದು ಸಿಕ್ಕರೆ ಟ್ಯಾಲಿಯನ್ನು ಯಾವ ಕಂಪ್ಯೂಟರ್‌ನಲ್ಲಿ ಬೇಕಾದರೂ ಮತ್ತೆ ಹಾಕಿಕೊಳ್ಳಬಹುದು.

ಹಾಗಾಗಿ ಪಟ್ಟಿ ಖಾಲಿ ಕಂಡರೆ ಅದರ ಅರ್ಥ ಇಷ್ಟೇ: ಟ್ಯಾಲಿ ತಾನು ನೋಡಿದ ಜಾಗದಲ್ಲಿ ಕಂಪನಿಯನ್ನು ಕಾಣಲಿಲ್ಲ. ಎಲ್ಲಿ ನೋಡಬೇಕು ಎಂಬುದು tally.ini ಎಂಬ ಪುಟ್ಟ ಫೈಲಿನಲ್ಲಿ ಬರೆದಿರುತ್ತದೆ. ಟ್ಯಾಲಿಯನ್ನು ಹೊಸದಾಗಿ ಹಾಕಿದಾಗ ಆ ಫೈಲೂ ಹೊಸದಾಗುತ್ತದೆ. ಲೆಕ್ಕ ಮೊದಲು D: ಡ್ರೈವ್‌ನಲ್ಲಿತ್ತು ಎನ್ನಿ, ಹೊಸ ಟ್ಯಾಲಿಗೆ ಆ ಸುದ್ದಿಯೇ ಗೊತ್ತಿರುವುದಿಲ್ಲ. Select Company ಪರದೆಯಲ್ಲಿ Specify Path ಒತ್ತಿ ಹಳೆಯ ಜಾಗ ತೋರಿಸಿದರೆ ಕಂಪನಿ ಎದ್ದು ಬರುತ್ತದೆ.

ನಮ್ಮ ಅಂಗಡಿಯಲ್ಲಿ ಲೆಕ್ಕ C: ಡ್ರೈವ್‌ನಲ್ಲೇ ಇತ್ತು. ಆದರೆ ಹುಡುಗ ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ವಿಂಡೋಸ್ ಹಾಕಿದ್ದ. ಹೀಗೆ ಹಾಕಿದಾಗ ವಿಂಡೋಸ್ ಹಳೆಯ ಫೈಲುಗಳನ್ನು Windows.old ಎಂಬ ಫೋಲ್ಡರ್‌ಗೆ ಸರಿಸಿಡುತ್ತದೆ. ಇಡೀ ಕಂಪ್ಯೂಟರ್‌ನಲ್ಲಿ TranMgr.1800 ಎಂದು ಹುಡುಕಿದಾಗ ಅದು Windows.old\Users\Public ಒಳಗೆ ಸಿಕ್ಕಿತು. ಇಲ್ಲಿ ತಡ ಮಾಡುವಂತಿಲ್ಲ. ಈ ಫೋಲ್ಡರ್ ಕೆಲವು ದಿನಗಳಲ್ಲಿ ತಾನಾಗಿಯೇ ಅಳಿದುಹೋಗಬಹುದು. ಜಾಗ ಉಳಿಸಲು ಡಿಸ್ಕ್ ಕ್ಲೀನಪ್ ಮಾಡುವವರೂ ಮೊದಲು ಅಳಿಸುವುದು ಇದನ್ನೇ.

ಫಾರ್ಮ್ಯಾಟ್ ಆಗಿಹೋಗಿದ್ದರೆ? ಆಗ ಮೊದಲ ಕೆಲಸ ಆ ಕಂಪ್ಯೂಟರ್ ಆರಿಸುವುದು. ಫೈಲು ಅಳಿಸಿದಾಗ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಹಾರ್ಡ್ ಡಿಸ್ಕ್ ಒಳಗಿನ ಅಕ್ಷರಗಳನ್ನು ಕೂಡಲೇ ಒರೆಸುವುದಿಲ್ಲ, ಈ ಜಾಗ ಖಾಲಿ ಎಂದು ಗುರುತು ಮಾಡಿಕೊಳ್ಳುತ್ತದೆ ಅಷ್ಟೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆದಾಗ ಹಳೆಯದು ಹೋಗುತ್ತದೆ. ವಿಂಡೋಸ್ ಅಪ್‌ಡೇಟ್ ಆಗುವುದು, ಬ್ರೌಸರ್ ತೆರೆಯುವುದು, ಡೇಟಾ ತೆಗೆಯುವ ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಹಾಕುವುದು, ಎಲ್ಲವೂ ಬರೆಯುವ ಕೆಲಸವೇ. ಆದ್ದರಿಂದ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್‌ನಿಂದ ಇನ್ನೊಂದು ಕಂಪ್ಯೂಟರ್‌ಗೆ ಹೆಚ್ಚುವರಿ ಡ್ರೈವ್‌ನಂತೆ ಜೋಡಿಸಬೇಕು. ಅದು F: ಎಂದು ಬಂತು, ಬಿಡುವಿರುವ ಬೇರೊಂದು ಡ್ರೈವ್ E: ಎಂದಿಟ್ಟುಕೊಂಡರೆ, ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿಂಡೋಸ್ ಫೈಲ್ ರಿಕವರಿಯಲ್ಲಿ ಆಜ್ಞೆ ಹೀಗಿರುತ್ತದೆ:

```
winfr F: E: /extensive /n \Users\Public\TallyPrime\data\
```

ಸಿಕ್ಕಿದ್ದೆಲ್ಲ E: ಗೆ ಬರುತ್ತದೆ, F: ಮೇಲೆ ಏನನ್ನೂ ಬರೆಯುವುದಿಲ್ಲ. ಇಲ್ಲಿ ಫೋಲ್ಡರ್ ಹೆಸರು ಕೊಟ್ಟು ಹುಡುಕುವುದಕ್ಕೆ ಕಾರಣವಿದೆ. ಫೋಟೋ, ಪಿಡಿಎಫ್‌ಗಳನ್ನು ಅವುಗಳ ಆರಂಭದ ಗುರುತಿನಿಂದ ಹೆಕ್ಕಿ ತೆಗೆಯುವ ಸಾಫ್ಟ್‌ವೇರ್‌ಗಳಿವೆ. ಅವು ಟ್ಯಾಲಿಯ ಫೈಲುಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಟ್ಯಾಲಿಗೆ ಒಂದು ಕಂಪನಿಯ ಎಲ್ಲ ಫೈಲುಗಳೂ ಅವವೇ ಹೆಸರಿನಲ್ಲಿ ಒಂದೇ ಫೋಲ್ಡರ್‌ನಲ್ಲಿ ಬೇಕು.

ಮಿತಿಗಳನ್ನೂ ಹೇಳಿಬಿಡಬೇಕು. ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಅದು ಹಿನ್ನೆಲೆಯಲ್ಲಿ ತಾನೇ ಶುಚಿ ಮಾಡಿಕೊಳ್ಳುತ್ತದೆ, ಫಾರ್ಮ್ಯಾಟ್ ಆದ ಮೇಲೆ ಆಸೆ ಬಹಳ ಕಡಿಮೆ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮನೆಯಲ್ಲಿ ಯಾವ ಪ್ರಯೋಗವೂ ಬೇಡ, ಪ್ರತಿ ಸಲ ಆನ್ ಮಾಡಿದಾಗಲೂ ಅದು ಇನ್ನಷ್ಟು ಹಾಳಾಗುತ್ತದೆ. ಅದನ್ನು ಡೇಟಾ ರಿಕವರಿ ಲ್ಯಾಬ್‌ಗೇ ಕೊಡಬೇಕು. ಇನ್ನು ಕಂಪನಿಗೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದು ಅದು ಮರೆತಿದ್ದರೆ, ಫೈಲುಗಳು ಪೂರ್ತಿ ಸಿಕ್ಕರೂ ತೆರೆಯಲಾಗದು.

ಮತ್ತೆ ನಮ್ಮ ಅಂಗಡಿಗೆ ಬರೋಣ. Windows.oldನಲ್ಲಿ ಸಿಕ್ಕ 10001 ಫೋಲ್ಡರನ್ನು ಅಲ್ಲೇ ತೆರೆಯಲು ಹೋಗಬಾರದು. ಇಡೀ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ಎತ್ತಿಡಬೇಕು, ಅದು ಮೂಲ. ಇನ್ನೊಂದು ನಕಲನ್ನು D:\Check ಎಂಬಂಥ ಹೊಸ ಫೋಲ್ಡರ್‌ನಲ್ಲಿ ಇಟ್ಟು ಅದರ ಮೇಲೆ ಮಾತ್ರ ಕೆಲಸ ಮಾಡಬೇಕು. ಈ ಎಚ್ಚರಿಕೆಗೆ ಇನ್ನೊಂದು ಕಾರಣವೂ ಇದೆ: ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸ ಆವೃತ್ತಿಯ ಟ್ಯಾಲಿ ತನ್ನ ರೂಪಕ್ಕೆ ಬದಲಾಯಿಸಿಕೊಂಡರೆ ಅದು ಮತ್ತೆ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ.

ನಕಲನ್ನು ತೆರೆದಾಗ ಎರರ್ ಬಂತು. ಸೇವ್ ಆಗುತ್ತಿರುವಾಗ ಕರೆಂಟು ಹೋದರೆ ಇದು ಸಹಜ. ಒಂದು ಬಿಲ್ ಹಾಕಿದಾಗ ಗಿರಾಕಿಯ ಖಾತೆ, ಮಾಲಿನ ದಾಸ್ತಾನು, ತೆರಿಗೆ ಎಲ್ಲ ಕಡೆಯೂ ಬದಲಾಗಬೇಕು. ಅರ್ಧ ಬದಲಾಗಿ ಅರ್ಧ ಉಳಿದರೆ ಫೈಲುಗಳ ನಡುವಿನ ಕೊಂಡಿ ತಪ್ಪುತ್ತದೆ. ಇದಕ್ಕೆ ಟ್ಯಾಲಿ ಪ್ರೈಮ್‌ನಲ್ಲಿ Alt+Y ಒತ್ತಿ Repair ಆರಿಸಬೇಕು. ಇಆರ್‌ಪಿ 9ರಲ್ಲಿ ಕಂಪನಿ ಆರಿಸುವ ಪರದೆಯಲ್ಲಿ Ctrl+Alt+R. ಇದು ಓದಲಾಗುವ ಖಾತೆ, ವೋಚರ್‌ಗಳನ್ನು ಇಟ್ಟುಕೊಂಡು ಫೈಲುಗಳನ್ನು ಹೊಸದಾಗಿ ಬರೆಯುತ್ತದೆ. ಓದಲಾಗದ್ದನ್ನು ಬಿಟ್ಟುಬಿಡಬಹುದು. ರಿಪೇರಿ ಮುಗಿದು ಕಂಪನಿ ತೆರೆದುಕೊಂಡ ಕೂಡಲೇ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ಅದೇ. ತೆರೆದ ಲೆಕ್ಕವೆಲ್ಲ ಪೂರ್ತಿ ಲೆಕ್ಕವಲ್ಲ, ಬಿಟ್ಟುಹೋದ ಬಿಲ್ ತಾನಾಗಿ ಕೂಗಿ ಹೇಳುವುದಿಲ್ಲ.

ತಾಳೆ ನೋಡುವುದು ಹೀಗೆ. Alt+G ಒತ್ತಿ Statistics ತೆರೆದರೆ ಯಾವ ಬಗೆಯ ವೋಚರ್ ಎಷ್ಟಿದೆ ಎಂದು ತೋರಿಸುತ್ತದೆ. ನಮ್ಮ ಅಂಗಡಿಯಲ್ಲಿ ಏಪ್ರಿಲ್ 1ರಿಂದ ಮಾರಾಟದ ವೋಚರ್ 2,314 ಎಂದು ಬಂತು. ಅಂಗಡಿಯಲ್ಲಿ ಉಳಿದ ಬಿಲ್ ಪ್ರತಿಗಳಲ್ಲಿ ಕೊನೆಯದರ ನಂಬರು 2,326. ರದ್ದಾದ ಬಿಲ್ ಒಂದೂ ಇಲ್ಲ. ಅಂದರೆ 12 ಬಿಲ್ ಇಲ್ಲ. ಯಾವ ಹನ್ನೆರಡು? ಇಲ್ಲಿ ಮೋಸಹೋಗುವ ಸಂಭವ ಹೆಚ್ಚು. ವೋಚರ್ ನಂಬರು ಆಟೋಮ್ಯಾಟಿಕ್ ಎಂದಿದ್ದರೆ ನಡುವಿನ ಒಂದು ಬಿಲ್ ಹೋದಾಗ ಟ್ಯಾಲಿ ಮುಂದಿನವುಗಳಿಗೆ ಹೊಸ ನಂಬರು ಕೊಟ್ಟುಬಿಡಬಹುದು. ನಂಬರುಗಳು ಸಾಲಾಗಿ ಕಾಣುತ್ತವೆ, ಆದರೆ ಗಿರಾಕಿಯ ಕೈಯಲ್ಲಿರುವ ಬಿಲ್‌ಗೂ ನಮ್ಮ ಲೆಕ್ಕಕ್ಕೂ ನಂಬರು ಕೂಡುವುದಿಲ್ಲ. ಹಾಗಾಗಿ ನಂಬರಿನ ಜೊತೆ ತಾರೀಖು, ಹೆಸರು, ಮೊತ್ತ ಮೂರನ್ನೂ ಹೋಲಿಸಬೇಕು. 2,314ನೆಯ ಬಿಲ್ ಪ್ರತಿ ತೆಗೆದು ನೋಡಿದಾಗ ಗಿರಾಕಿ, ಮೊತ್ತ ಎರಡೂ ಟ್ಯಾಲಿಯಲ್ಲಿದ್ದಂತೆಯೇ ಇದ್ದವು. ಹೋಗಿದ್ದು ಕೊನೆಯ ಹನ್ನೆರಡೇ, 18ರ ಸಂಜೆಯವು.

ಹಿಂದಿನದೆಲ್ಲ ಸರಿಯಿದೆಯೇ? ಅದಕ್ಕೆ ಎರಡು ಸಾಕ್ಷಿ ಸಿಕ್ಕವು. ಒಂದು, ಅಕ್ಟೋಬರ್ 31ರ ರಾತ್ರಿ ಪೆನ್‌ಡ್ರೈವ್‌ಗೆ ತೆಗೆದ ಬ್ಯಾಕಪ್. ಅದನ್ನು Alt+Y, Restore ಮೂಲಕ ಮತ್ತೊಂದು ಬೇರೆಯೇ ಫೋಲ್ಡರ್‌ಗೆ ಇಳಿಸಿಕೊಳ್ಳಬೇಕು. ಈಗಿನ ಡೇಟಾ ಇರುವ ಜಾಗಕ್ಕೇ ಇಳಿಸಿದರೆ ಹಳೆಯದು ಹೊಸದರ ಮೇಲೆ ಕೂತು ನವೆಂಬರ್ ತಿಂಗಳೇ ಅಳಿಸಿಹೋಗಬಹುದು. ಎರಡರಲ್ಲೂ ಅಕ್ಟೋಬರ್ 31ಕ್ಕೆ ಟ್ರಯಲ್ ಬ್ಯಾಲೆನ್ಸ್ ತೆಗೆದು ಪಕ್ಕಪಕ್ಕ ಇಟ್ಟರೆ ಪೈಸೆಗೆ ಪೈಸೆ ಕೂಡಬೇಕು, ಕೂಡಿತು. ಎರಡನೆಯದು, ನವೆಂಬರ್ 11ರೊಳಗೆ ಸಲ್ಲಿಸಿದ್ದ ಅಕ್ಟೋಬರ್‌ನ ಜಿಎಸ್‌ಟಿಆರ್-1. ಪೋರ್ಟಲ್‌ನಲ್ಲಿರುವ ಮಾರಾಟದ ಮೊತ್ತಕ್ಕೂ ರಿಪೇರಿಯಾದ ಲೆಕ್ಕದ ಮೊತ್ತಕ್ಕೂ ವ್ಯತ್ಯಾಸ ಬರಲಿಲ್ಲ. ನವೆಂಬರ್‌ನ ದಿನಗಳಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಬಿಲ್ ಪ್ರತಿಗಳೇ ಆಧಾರ.

ಉಳಿದದ್ದು ಹನ್ನೆರಡು ಬಿಲ್‌ಗಳನ್ನು ಅದೇ ಕ್ರಮದಲ್ಲಿ, ಅದೇ ತಾರೀಖಿನಲ್ಲಿ ಮತ್ತೆ ಹಾಕುವುದು. ಟ್ಯಾಲಿಯ ಲೈಸೆನ್ಸ್ ಮತ್ತೆ ಸಕ್ರಿಯವಾಗಿರದಿದ್ದರೆ ಅದು ಎಜುಕೇಷನಲ್ ಮೋಡ್‌ನಲ್ಲಿ ತೆರೆದುಕೊಂಡು 18ನೇ ತಾರೀಖಿಗೆ ಬಿಲ್ ಹಾಕಲು ಬಿಡುವುದಿಲ್ಲ. ಡೇಟಾ ಕೆಟ್ಟಿದೆ ಎಂದು ಗಾಬರಿಯಾಗುವ ಮುನ್ನ ಇದನ್ನು ನೋಡಿಕೊಳ್ಳಿ. ನಡುವಿನ ಬಿಲ್‌ಗಳು ಹೋಗಿದ್ದರೆ ಮಾತ್ರ ನಂಬರು ಕೈಯಿಂದ ಹಾಕುವಂತೆ ವೋಚರ್ ಟೈಪ್‌ನಲ್ಲಿ ಬದಲಾಯಿಸಿಕೊಳ್ಳಬೇಕು.

ಫೋಲ್ಡರೂ ಸಿಗದೆ ಬ್ಯಾಕಪ್ಪೂ ಇಲ್ಲದ ಅಂಗಡಿಗೆ ದಾರಿ ಉದ್ದ. ಆಡಿಟರ್ ಬಳಿ ಕಳೆದ ಮಾರ್ಚ್ 31ರ ಲೆಕ್ಕದ ಪ್ರತಿ ಇದ್ದರೆ ಅಲ್ಲಿಂದ ಆರಂಭ. ಖರೀದಿಯ ಬಿಲ್‌ಗಳ ವಿವರ ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯಲ್ಲಿ ಸಿಗುತ್ತದೆ, ಜಿಎಸ್‌ಟಿ ನಂಬರು ಇರುವ ಗಿರಾಕಿಗಳಿಗೆ ಕೊಟ್ಟ ಬಿಲ್‌ಗಳು ನಾವೇ ಸಲ್ಲಿಸಿದ ಜಿಎಸ್‌ಟಿಆರ್-1ರಲ್ಲಿವೆ, ದುಡ್ಡಿನ ಓಡಾಟ ಬ್ಯಾಂಕಿನಲ್ಲಿದೆ. ಪೋರ್ಟಲ್‌ನಲ್ಲಿ ಸಿಗದಿರುವುದು ಕೌಂಟರ್ ಮಾರಾಟದ ಬಿಡಿ ಬಿಲ್‌ಗಳು ಮತ್ತು ಉದ್ರಿ ಬಾಕಿ. ಅವುಗಳಿಗೆ ಬಿಲ್ ಪ್ರತಿಗಳನ್ನೇ ತಿರುವಿಹಾಕಬೇಕು, ದಾಸ್ತಾನನ್ನು ಗೋಡೌನ್‌ನಲ್ಲಿ ಕೈಯಾರೆ ಎಣಿಸಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಿ ಎನ್ನುತ್ತದೆ. ಬಿಲ್ ಪ್ರತಿಗಳನ್ನು ವರ್ಷ ಮುಗಿದ ಕೂಡಲೇ ರದ್ದಿಗೆ ಹಾಕದ ಅಂಗಡಿಗೆ ಈ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ.