ಬಾಡಿಗೆ ಕರಾರಿನಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು?

ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ಪೂರ್ತಿ ಓದುವವರು ಅಪರೂಪ. ಸಹಿ ಹಾಕುವಾಗ ಬಾಡಿಗೆ, ಅಡ್ವಾನ್ಸ್ ಎಷ್ಟೆಂದು ನೋಡುತ್ತಾರೆ. ಆ ಪತ್ರ ಮತ್ತೆ ಹೊರಬರುವುದು ಮನೆ ಖಾಲಿ ಮಾಡುವಾಗಲೇ: ಎಷ್ಟು ದಿನ ಮುಂಚೆ ತಿಳಿಸಬೇಕು? ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ?

ಯಾವುದಕ್ಕೆ ಶೀರ್ಷಿಕೆ ಬೇಕೆಂದು ಈ ಪ್ರಶ್ನೆಗಳೇ ಹೇಳುತ್ತವೆ. ‘ಷರತ್ತುಗಳು’ ಎಂಬ ಒಂದೇ ತಲೆಬರಹದಡಿ ಹದಿನೆಂಟು ಕಲಮುಗಳನ್ನು ಸುರಿದರೆ ಹುಡುಕುವವರಿಗೆ ದಾರಿ ಸಿಗದು. ‘ಅಡ್ವಾನ್ಸ್ ವಾಪಸಾತಿ’, ‘ಮನೆ ಬಿಡುವ ನೋಟಿಸ್’, ‘ರಿಪೇರಿ ಖರ್ಚು’ ಎಂದು ಒಡೆದರೆ ಬೆರಳು ನೇರ ಅಲ್ಲಿಗೇ ಹೋಗುತ್ತದೆ. ಯಾರೂ ಮತ್ತೆ ಹುಡುಕದ ಪೀಠಿಕೆಗೆ ಶೀರ್ಷಿಕೆ ಬೇಕಿಲ್ಲ.

ದಪ್ಪಕ್ಷರದ ಲೆಕ್ಕವೇ ಬೇರೆ. ಅದು ಇಡೀ ಕಲಮಿಗಲ್ಲ, ಕಣ್ತಪ್ಪಿದರೆ ದುಡ್ಡು ಕೈಬಿಡುವ ಮಾತಿಗೆ. ‘ಮಾಲೀಕರು ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಂಡು, ಉಳಿದ ಅಡ್ವಾನ್ಸನ್ನು ಕೀ ಪಡೆದ ದಿನವೇ ಕೊಡತಕ್ಕದ್ದು’ ಎಂಬ ವಾಕ್ಯದಲ್ಲಿ ‘ಒಂದು ತಿಂಗಳ ಬಾಡಿಗೆ’, ‘ಕೀ ಪಡೆದ ದಿನವೇ’ ಇಷ್ಟು ದಪ್ಪವಾದರೆ ಸಾಕು. ‘ಮಾಲೀಕರು’ ಎಂಬ ಪದವನ್ನೂ ಪ್ರತಿ ಸಲ ದಪ್ಪ ಮಾಡಿದರೆ ಕಣ್ಣು ಎಲ್ಲೂ ನಿಲ್ಲದು. ಪರೀಕ್ಷೆ ಸುಲಭ: ದಪ್ಪಕ್ಷರಗಳನ್ನಷ್ಟೇ ಓದಿದಾಗ ಮೊತ್ತ, ಗಡುವು, ದಂಡ ಸಿಗಬೇಕು.

ಇಂಗ್ಲಿಷಿನಂತೆ ಒತ್ತಿ ಹೇಳಲು ಕನ್ನಡದಲ್ಲಿ ದೊಡ್ಡಕ್ಷರಗಳಿಲ್ಲ. ಅಡಿಗೆರೆ ಎಳೆದರೆ ಅದು ಒತ್ತಕ್ಷರಗಳಿಗೇ ತಾಗುತ್ತದೆ. ಹೀಗಾಗಿ ಖಾಲಿ ಜಾಗಕ್ಕೆ ಇಲ್ಲಿ ಹೆಚ್ಚು ಕೆಲಸ. ಶೀರ್ಷಿಕೆಯ ಮೇಲೆ ಒಂದು ಸಾಲು ಬಿಟ್ಟು, ಕೆಳಗೆ ಅದಕ್ಕಿಂತ ಕಡಿಮೆ ಬಿಟ್ಟರೆ ಅದು ತನ್ನ ಕಲಮಿಗೇ ಅಂಟಿಕೊಂಡಂತೆ ಕಾಣುತ್ತದೆ. ಪುಟ ಉಳಿಸಲೆಂದು ಸಾಲುಗಳನ್ನು ಇಕ್ಕಟ್ಟಾಗಿ ತುರುಕುವವರಿದ್ದಾರೆ. ಆದರೆ ಮುದ್ರಾಂಕ ಶುಲ್ಕ ನಿಗದಿಯಾಗುವುದು ಪುಟಗಳ ಲೆಕ್ಕದಲ್ಲಲ್ಲ.