ಇಡಿಗಂಟಿಗೆ ಒಂದೇ ಪಾಸ್‌ಬುಕ್ ಸಾಲದು

ದಾವಣಗೆರೆಯಲ್ಲಿ ನಿವೃತ್ತರಾದ 62 ವರ್ಷದ ಮೇಷ್ಟ್ರೊಬ್ಬರ ಕೈಗೆ 20 ಲಕ್ಷ ರೂಪಾಯಿ ಇಡಿಗಂಟು ಬಂದಿದೆ ಎಂದುಕೊಳ್ಳೋಣ. ಬ್ಯಾಂಕಿನವರು ‘ಹಿರಿಯ ನಾಗರಿಕರ ಉಳಿತಾಯ ಖಾತೆ’ ಮಾಡಿಸಿಕೊಡುತ್ತಾರೆ. ಹೆಸರು ಕೇಳಿ ಹಿಗ್ಗಬೇಕಿಲ್ಲ. ಉಚಿತ ಚೆಕ್ ಪುಸ್ತಕ, ಕೌಂಟರಿನಲ್ಲಿ ಆದ್ಯತೆಯಂಥ ಸೌಲಭ್ಯಗಳು ಸಿಗಬಹುದು. ಬಡ್ಡಿ ಮಾತ್ರ ಸಾಮಾನ್ಯವಾಗಿ ಎಲ್ಲರಿಗೂ ಸಿಗುವಷ್ಟೇ. ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಅಲ್ಲಿಟ್ಟರೆ ಸಾಕು.

ಗಂಟಿನ ದೊಡ್ಡ ಪಾಲಿಗೆ ಸರಿಯಾದ ಜಾಗ ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2004ರಲ್ಲಿ ಶುರುವಾದ ಇದರ ಖಾತೆಯನ್ನು ಅಂಚೆ ಕಚೇರಿಯಲ್ಲೂ ಹಲವು ಬ್ಯಾಂಕುಗಳಲ್ಲೂ ತೆರೆಯಬಹುದು. 60 ತುಂಬಿರಬೇಕು, ನಿವೃತ್ತರಾದವರಿಗೆ ಷರತ್ತಿನ ಮೇಲೆ ವಯಸ್ಸಿನ ವಿನಾಯಿತಿ ಇದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದಾದರೂ, ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ.

ಮೇಷ್ಟ್ರು 15 ಲಕ್ಷ ಇಟ್ಟರೆ, ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಕೈಗೆ ಬರುತ್ತದೆ. ಆದರೆ ಬಂದ ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ಆದ್ದರಿಂದ ಅದು ತಾನಾಗಿ ಉಳಿತಾಯ ಖಾತೆಗೆ ಜಮೆಯಾಗುವಂತೆ ಮೊದಲ ದಿನವೇ ಬರೆದುಕೊಡುವುದು ಒಳ್ಳೆಯದು.

ಎಡವಟ್ಟಾಗುವುದು ನಡುವೆ ಹಣ ಬೇಕಾದಾಗ. ಈ ಖಾತೆಯಿಂದ ಸ್ವಲ್ಪ ಮಾತ್ರ ತೆಗೆಯಲು ಬರುವುದಿಲ್ಲ, ತೆಗೆದರೆ ಪೂರ್ತಿ ಮುಚ್ಚಬೇಕು. ವರ್ಷ ತುಂಬುವ ಮೊದಲೇ ಮುಚ್ಚಿದರೆ ಬಡ್ಡಿಯೇ ಇಲ್ಲ, ಕೊಟ್ಟಿದ್ದನ್ನೂ ಅಸಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಒಂದರಿಂದ ಎರಡು ವರ್ಷದೊಳಗಾದರೆ ಅಸಲಿನ ಶೇ 1.5, ಆಮೇಲೆ ಶೇ 1 ಕಡಿತ. ಹದಿನಾಲ್ಕನೇ ತಿಂಗಳಲ್ಲಿ ಮನೆಯಾಕೆಯ ಮಂಡಿ ಶಸ್ತ್ರಚಿಕಿತ್ಸೆಗೆ ನಾಲ್ಕು ಲಕ್ಷ ಬೇಕಾಯಿತೆನ್ನಿ. 15 ಲಕ್ಷವೂ ಒಂದೇ ಖಾತೆಯಲ್ಲಿದ್ದರೆ 22,500 ರೂಪಾಯಿ ಹೋಯಿತು. ಐದೈದು ಲಕ್ಷದ ಮೂರು ಖಾತೆಗಳಾಗಿದ್ದರೆ ಒಂದನ್ನು ಮುಚ್ಚಿ 7,500ಕ್ಕೆ ಪಾರಾಗಬಹುದಿತ್ತು. ಒಬ್ಬರ ಹೆಸರಲ್ಲಿ ಹಲವು ಖಾತೆಗಳಿಗೆ ಅವಕಾಶವಿದೆ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದು ಕಡಿಮೆ, ಅಷ್ಟೇ.

ಉಳಿದ ಐದು ಲಕ್ಷ ಆಪತ್ತಿನ ಹಣ. ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಹಿರಿಯರಿಗೆ ಸಾಮಾನ್ಯವಾಗಿ ಅರ್ಧ ಶೇಕಡಾ ಬಡ್ಡಿ ಹೆಚ್ಚು. ಅದನ್ನೂ ಎರಡು ಮೂರು ರಸೀದಿಗಳಾಗಿ ಒಡೆದಿಟ್ಟರೆ ಬೇಕಾದಷ್ಟನ್ನೇ ಮುರಿಸಬಹುದು. ಹೆಚ್ಚು ಬಡ್ಡಿಯ ಆಸೆಗೆ ಸಣ್ಣ ಬ್ಯಾಂಕಿಗೆ ಹೋಗುವವರು ಒಂದನ್ನು ನೆನಪಿಡಬೇಕು: ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ.

ಇನ್ನು ತೆರಿಗೆ. ಮೇಷ್ಟ್ರ ಬಡ್ಡಿ ವರ್ಷಕ್ಕೆ 1,23,000 ರೂಪಾಯಿ. 2025ರ ಏಪ್ರಿಲ್‌ನಿಂದ ಹಿರಿಯರಿಗೆ ಮೂಲದಲ್ಲೇ ತೆರಿಗೆ ಕಡಿತವಾಗುವ ಮಿತಿ ಒಂದು ಲಕ್ಷ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸ್ವಯಂ ಘೋಷಣೆಯ ನಮೂನೆ ತುಂಬಿ ಕೊಡಬೇಕು. ಮರೆತರೆ ಕಡಿತವಾದ ಹಣ ವಾಪಸ್ ಪಡೆಯಲು ರಿಟರ್ನ್ಸ್ ಸಲ್ಲಿಸಬೇಕಾಗುತ್ತದೆ.